ಸೈನ್‌ಅಪ್ ಪೇಜ್ ಸ್ಪ್ಲಿಟ್ ಟೆಸ್ಟ್: ಫಲಿತಾಂಶ

ಅವಧಿ: 2025 ಮಾರ್ಚ್ 3, ಸೋಮವಾರದಿಂದ ಮಾರ್ಚ್ 16, ಭಾನುವಾರದವರೆಗೆ. ಎರಡು ಪೂರ್ತಿ ವಾರ.
ಎ: ಈಗಿರುವ ಪೇಜ್, ಫಾರ್ಮ್‌ನಲ್ಲಿ 7 ಕಾಲಂ.
ಬಿ: 4 ಕಾಲಂ. ಫೋನ್ ನಂಬರ್, ಸಂಸ್ಥೆ, ಹುದ್ದೆ ಕೇಳುವುದಿಲ್ಲ. ಬಟನ್ ಮೇಲೆ "ಸಲ್ಲಿಸಿ" ಬದಲು "ಉಚಿತವಾಗಿ ಶುರುಮಾಡಿ".

| | ಎ | ಬಿ |
|---|---|---|
| ವಿಸಿಟರ್‌ಗಳು | 8,214 | 8,167 |
| ಸೈನ್‌ಅಪ್ | 394 | 459 |
| ಕನ್ವರ್ಷನ್ ರೇಟ್ | 4.80% | 5.62% |
| ಮೊಬೈಲ್ | 214 / 5,630 (3.80%) | 281 / 5,588 (5.03%) |
| ಡೆಸ್ಕ್‌ಟಾಪ್ | 180 / 2,584 (6.97%) | 178 / 2,579 (6.90%) |

ಟ್ರಾಫಿಕ್ ಸರಿಯಾಗಿಯೇ ಅರ್ಧರ್ಧ ಹಂಚಿಕೆಯಾಗಿದೆ (ಪಿ = 0.71).

ಸಿಗ್ನಿಫಿಕೆನ್ಸ್ ಟೆಸ್ಟ್ (ಎರಡು ಅನುಪಾತಗಳ ಝಡ್ ಟೆಸ್ಟ್, ಎರಡೂ ಬದಿ, ಮಿತಿ 0.05)

```
p  = (394 + 459) / (8214 + 8167) = 0.0521
SE = sqrt(p(1-p)(1/8214 + 1/8167)) = 0.00347
z  = (0.05620 - 0.04797) / 0.00347 = 2.37
p-value = 0.018
```

ವ್ಯತ್ಯಾಸ 0.82 ಶೇಕಡಾ ಅಂಶ, ಅಂದರೆ ಎ ಗಿಂತ ಸುಮಾರು 17% ಹೆಚ್ಚು. 95% ವಿಶ್ವಾಸದ ವ್ಯಾಪ್ತಿ 0.14ರಿಂದ 1.50 ಅಂಶ. ಮೀಟಿಂಗ್‌ನಲ್ಲಿ ಎಲ್ಲರ ಬಾಯಲ್ಲೂ ಆ 17% ಬರುತ್ತದೆ, ಗೊತ್ತು. ದಯವಿಟ್ಟು ವ್ಯಾಪ್ತಿಯನ್ನೂ ಜೊತೆಗೇ ಹೇಳಿ: ಲಾಭ ಇದೆ ಅನ್ನುವುದಕ್ಕೆ ಒಳ್ಳೆಯ ಆಧಾರವಿದೆ, ಎಷ್ಟು ಅನ್ನುವುದು ಇನ್ನೂ ಸಡಿಲ.

ಸರಳವಾಗಿ ಹೇಳುವುದಾದರೆ

ಎರಡು ಪೇಜ್‌ಗೂ ನಿಜಕ್ಕೂ ವ್ಯತ್ಯಾಸವೇ ಇಲ್ಲದಿದ್ದರೆ, ಇಷ್ಟು ಅಥವಾ ಇದಕ್ಕಿಂತ ದೊಡ್ಡ ಅಂತರ ಬರೀ ಆಕಸ್ಮಿಕವಾಗಿ ಕಾಣಿಸುವುದು ನೂರರಲ್ಲಿ ಎರಡು ಸಲಕ್ಕಿಂತ ಕಡಿಮೆ. "ಬಿ ಗೆಲ್ಲುವ ಸಾಧ್ಯತೆ 98%" ಎಂದು ಇದನ್ನು ಓದಬೇಡಿ. ಪಿ-ವ್ಯಾಲ್ಯೂ ಹೇಳುವುದು ಅದನ್ನಲ್ಲ.

ಐದನೇ ದಿನ ಡ್ಯಾಶ್‌ಬೋರ್ಡ್‌ನಲ್ಲಿ ಪಿ 0.04 ಕಂಡಾಗ "ಗೆದ್ದಾಯ್ತಲ್ಲ, ನಿಲ್ಲಿಸೋಣ" ಎಂಬ ಒತ್ತಡ ಬಂತು. ಒಂಬತ್ತನೇ ದಿನ ಅದೇ ಅಂಕಿ 0.09ಕ್ಕೆ ಏರಿತ್ತು. ಪ್ರತಿ ಪೇಜ್‌ಗೆ ಕನಿಷ್ಠ 8,000 ವಿಸಿಟರ್ ಎಂದು ಮೊದಲೇ ಬರೆದಿಟ್ಟಿದ್ದರಿಂದ ಬಚಾವಾದೆವು.

ಮೊಬೈಲ್‌ನಲ್ಲಿ ಮಾತ್ರ ಬಿ ಚೆನ್ನಾಗಿದೆ ಅನ್ನಿಸಬಹುದು. ಆದರೆ ಈ ವಿಭಜನೆ ಟೆಸ್ಟ್ ಮುಗಿದ ಮೇಲೆ ನೋಡಿದ್ದು. ಮೊಬೈಲ್ ಲಾಭಕ್ಕೂ ಡೆಸ್ಕ್‌ಟಾಪ್ ಲಾಭಕ್ಕೂ ನಡುವಿನ ಅಂತರವನ್ನೇ ಟೆಸ್ಟ್ ಮಾಡಿದರೆ ಪಿ 0.11. ಊಹೆಯಾಗಿ ಇಟ್ಟುಕೊಳ್ಳೋಣ, ತೀರ್ಮಾನವಾಗಿ ಅಲ್ಲ.

ನನಗೆ ಸಮಾಧಾನವಿಲ್ಲದ ಜಾಗ ಇನ್ನೊಂದು. ಸೈನ್‌ಅಪ್ ಆಗಿ 7 ದಿನದೊಳಗೆ ಮತ್ತೆ ಲಾಗಿನ್ ಆದವರು ಎ ಯಲ್ಲಿ 171, ಬಿ ಯಲ್ಲಿ 182. ಒಟ್ಟು ವಿಸಿಟರ್ ಲೆಕ್ಕದಲ್ಲಿ 2.08% ಮತ್ತು 2.23%, ಪಿ 0.52. ಸುಲಭವಾದ ಫಾರ್ಮ್ ಸುಮ್ಮನೆ ಇಣುಕಿ ಹೋಗುವವರನ್ನೂ ಒಳಗೆ ಬಿಟ್ಟಿರಬಹುದು.

ನಿರ್ಧಾರ

ಬಿ ಯನ್ನು ಎಲ್ಲರಿಗೂ ಬಿಡುತ್ತೇವೆ. ಕಾಲಂ ಇಳಿಸಿದ್ದಕ್ಕೋ ಬಟನ್ ಮಾತಿಗೋ ಫಲ ಸಿಕ್ಕಿದ್ದು ಗೊತ್ತಿಲ್ಲ. ಎರಡನ್ನೂ ಒಟ್ಟಿಗೆ ಬದಲಿಸಿದ್ದು ನಮ್ಮದೇ ತಪ್ಪು. ಮುಂದಿನ ಟೆಸ್ಟ್: 4 ಕಾಲಂ ಹಾಗೇ ಇಟ್ಟು ಬಟನ್ ಮಾತ್ರ ಬದಲು, ಮುಖ್ಯ ಅಳತೆ 7 ದಿನದ ಲಾಗಿನ್. ಅದರ ರೇಟ್ ಕಡಿಮೆ ಇರುವುದರಿಂದ ವಿಸಿಟರ್ ಸಂಖ್ಯೆ ಹೆಚ್ಚು ಬೇಕು. ಆ ಲೆಕ್ಕ ಹಾಕದೆ ಟೆಸ್ಟ್ ಶುರುಮಾಡುವುದಿಲ್ಲ.