ಮಂಡ್ಯ ಮದುವೆ: ಶುಕ್ರವಾರ ರಾತ್ರಿ ಮುಗಿಸಬೇಕಾದ ಚೆಕ್‌ಲಿಸ್ಟ್

ಶನಿವಾರ ಸಂಜೆ 6:30ಕ್ಕೆ ಆರತಕ್ಷತೆ. ಭಾನುವಾರ ಬೆಳಿಗ್ಗೆ 9:15ರಿಂದ 10:15ರೊಳಗೆ ಧಾರೆ. ಸರಸ್ವತಿಪುರಂ ಸ್ಟುಡಿಯೊದಿಂದ ಶನಿವಾರ ಮಧ್ಯಾಹ್ನ 2ಕ್ಕೆ ಹೊರಡುತ್ತೇವೆ. ಸ್ಟಿಲ್‌ಗೆ ನಾನು ಮತ್ತು ಪುಟ್ಟ. ವಿಡಿಯೊದವರು ಬೇರೆ, ಅವರ ಸಾಮಾನು ಅವರ ಜವಾಬ್ದಾರಿ.

ಪುಟ್ಟ, ಇದೇ ಕ್ರಮದಲ್ಲಿ ಮಾಡು. ಕಣ್ಣಲ್ಲಿ ನೋಡಿ ಟಿಕ್ ಹಾಕಬೇಡ. ಕ್ಲಿಕ್ ಮಾಡಿ ನೋಡು, ಫ್ಲ್ಯಾಶ್ ಹೊಡೆದು ನೋಡು, ಫೈಲ್ ತೆರೆದು ನೋಡು, ಆಮೇಲೆ ಹಾಕು. "ಬ್ಯಾಗಲ್ಲಿದೆ ಅಣ್ಣ" ಅನ್ನೋದಕ್ಕೆ ಟಿಕ್ ಇಲ್ಲ.

ಮಧ್ಯಾಹ್ನವೇ ಶುರು: ಬ್ಯಾಟರಿ

ರಾತ್ರಿ ಚೆಕ್ ಮಾಡೋಣ ಅಂತ ಕೂತರೆ ಬ್ಯಾಟರಿ ಮುಗಿಯುವುದಿಲ್ಲ. ಲೆಕ್ಕ ಹಾಕು: ಎನ್‌ಪಿ-ಎಫ್‌ಜೆಡ್100 ಬ್ಯಾಟರಿ ಆರು, ಚಾರ್ಜರ್ ಎರಡು, ಒಂದು ಸುತ್ತಿಗೆ ಸುಮಾರು ಎರಡೂವರೆ ಗಂಟೆ. ಮೂರು ಸುತ್ತು ಅಂದರೆ ಏಳೂವರೆ ಗಂಟೆ. ಮಧ್ಯೆ ಕರೆಂಟ್ ಹೋದರೆ ಇನ್ನೂ ಜಾಸ್ತಿ. ಅದಕ್ಕೇ ಮಧ್ಯಾಹ್ನ 2ಕ್ಕೆ ಮೊದಲ ಜೋಡಿ ಹಾಕಬೇಕು.

☐ 1 ಮತ್ತು 2ನೇ ಸ್ಟಿಕ್ಕರ್ ಬ್ಯಾಟರಿ: ಮಧ್ಯಾಹ್ನ 2ಕ್ಕೆ
☐ 3 ಮತ್ತು 4: ಸಂಜೆ 4:30ಕ್ಕೆ
☐ 5 ಮತ್ತು 6: ಸಂಜೆ 7ಕ್ಕೆ. ತಡವಾದರೆ ಇವೆರಡನ್ನು ಬಾಡಿಯೊಳಗೇ ಹಾಕಿ, ಆಫ್ ಮಾಡಿ, ಯುಎಸ್‌ಬಿ ಕೇಬಲ್‌ನಲ್ಲಿ ಚಾರ್ಜಿಗಿಡು.
☐ ಚಾರ್ಜ್ ಆದ ಒಂದೊಂದನ್ನೂ ಕ್ಯಾಮೆರಾಗೆ ಹಾಕಿ ಪರ್ಸೆಂಟ್ ನೋಡು. ಚಾರ್ಜರ್ ಲೈಟ್ ಆರಿತು ಅಂದಮಾತ್ರಕ್ಕೆ ನಂಬಬೇಡ.
☐ 4ನೇ ನಂಬರಿನದು ಮೊನ್ನೆ ಸುಮ್ನೆ ಇಟ್ಟಿದ್ದಾಗಲೇ 100ರಿಂದ 88ಕ್ಕೆ ಇಳಿದಿತ್ತು. ಈ ಸಲವೂ ಹಾಗೇ ಆದರೆ ಅದನ್ನು ಮನೆಯಲ್ಲೇ ಬಿಡು. ಐದರಲ್ಲೇ ನಡೆಸೋಣ.
☐ ಹಳೇ ಎ6400ಗೆ ಬೇಕಾದ್ದು ಎನ್‌ಪಿ-ಎಫ್‌ಡಬ್ಲ್ಯು50. ಇದು ಎ7 III ಬಾಡಿಗೆ ಕೂರುವುದಿಲ್ಲ, ಅದರದು ಇದಕ್ಕೆ ಕೂರುವುದಿಲ್ಲ. ಎರಡು ಬ್ಯಾಟರಿ, ಅದರದೇ ಚಾರ್ಜರ್, ಮೂರೂ ಒಂದೇ ಪೌಚಿನಲ್ಲಿ.
☐ ವಿ1 ಫ್ಲ್ಯಾಶಿನ ಬ್ಯಾಟರಿ ಎರಡು, ಅದರ ಚಾರ್ಜರ್.

ಡಬಲ್ ಎ ಸೆಲ್ಲಿನ ಲೆಕ್ಕ: ಟಿಟಿ685 ಎರಡಕ್ಕೆ ನಾಲ್ಕು ನಾಲ್ಕರಂತೆ ಎಂಟು. ಬದಲಿಗೆ ಇನ್ನೂ ಎಂಟು. ಟ್ರಿಗ್ಗರಿಗೆ ಎರಡು, ಬದಲಿಗೆ ಎರಡು. ಒಟ್ಟು 20. ಎಲ್ಲವೂ ರೀಚಾರ್ಜಬಲ್. ಅಂಗಡಿಯ ಮಾಮೂಲಿ ಆಲ್ಕಲೈನ್ ಸೆಲ್ ಹಾಕಿದರೆ ಫ್ಲ್ಯಾಶ್ ಬೇಗ ರೆಡಿ ಆಗುವುದಿಲ್ಲ. ವೇದಿಕೆ ಮೇಲೆ ನೆಂಟರು ಸಾಲಾಗಿ ಬರುತ್ತಿರುವಾಗ ಅದಕ್ಕೆ ಕಾಯುತ್ತಾ ನಿಲ್ಲೋದು ನನ್ನ ಕೈಲಿ ಆಗಲ್ಲ.

☐ ನಾಲ್ಕು ನಾಲ್ಕು ಸೆಲ್ಲಿಗೆ ಒಂದೊಂದು ರಬ್ಬರ್ ಬ್ಯಾಂಡ್. ಒಂದು ಸೆಟ್ಟಿನದನ್ನು ಇನ್ನೊಂದಕ್ಕೆ ಬೆರೆಸಬೇಡ. ತುಂಬಿದ್ದರ ತುದಿ ಮೇಲಕ್ಕೆ, ಬಳಸಿದ್ದರ ತುದಿ ಕೆಳಕ್ಕೆ.

ಇನ್ನೊಂದು ಮಾತು. ಆರತಕ್ಷತೆ ಮುಗಿದ ಮೇಲೆ ಛತ್ರದ ರೂಮಿನಲ್ಲೇ ಎಲ್ಲವನ್ನೂ ಮತ್ತೆ ಚಾರ್ಜ್ ಮಾಡಬೇಕು. ಅಲ್ಲಿ ಇರುವ ಎರಡು ಪ್ಲಗ್ಗಿಗೂ ನೆಂಟರ ಮೊಬೈಲ್ ನೇತಾಡುತ್ತಿರುತ್ತದೆ. ಮದುವೆ ಮನೆ, ಕಿತ್ತು ಹಾಕೋಕೂ ಆಗಲ್ಲ.

☐ ಆರು ಪಾಯಿಂಟಿನ ಎಕ್ಸ್‌ಟೆನ್ಶನ್ ಬಾಕ್ಸ್. ಪ್ರತಿ ಪಾಯಿಂಟಿಗೂ ಚಾರ್ಜರ್ ಚುಚ್ಚಿ ಲೈಟ್ ಬರುತ್ತದಾ ನೋಡು. ಹೋದ ಸಲ ಮೂರನೆಯದು ಸತ್ತಿತ್ತು.

ಕಾರ್ಡು

ಇಲ್ಲಿ ಆತುರ ಬೇಡ. ಕ್ಯಾಮೆರಾ ಕೆಟ್ಟರೆ ಬಾಡಿಗೆಗೆ ಸಿಗುತ್ತದೆ. ತಾಳಿ ಕಟ್ಟಿದ್ದನ್ನು ಇನ್ನೊಂದು ಸಲ ಕಟ್ಟಿ ಅಂತ ಕೇಳೋಕಾಗಲ್ಲ.

ಎರಡು ಬಾಡಿ, ಒಂದೊಂದರಲ್ಲಿ ಎರಡು ಕಾರ್ಡು. ಸಂಜೆಗೆ ನಾಲ್ಕು, ಬೆಳಿಗ್ಗೆಗೆ ಬೇರೆ ನಾಲ್ಕು, ಎ6400ಗೆ ಒಂದು, ಮೇಲೆ ಒಂದು. ಒಟ್ಟು ಹತ್ತು, ಎಲ್ಲವೂ 128 ಜಿಬಿ. ಕಂಪ್ರೆಸ್ಡ್ ರಾ ಒಂದಕ್ಕೆ ಸುಮಾರು 24 ಎಂಬಿ, ಅಂದರೆ ಒಂದು ಕಾರ್ಡಿಗೆ ಹತ್ತಿರ ಹತ್ತಿರ 5,000 ಫೋಟೊ. ಅನ್‌ಕಂಪ್ರೆಸ್ಡ್ ಇಟ್ಟರೆ ಅರ್ಧವೇ ಹಿಡಿಯುತ್ತದೆ. ಆರತಕ್ಷತೆಗೆ ಒಂದು ಬಾಡಿಯಲ್ಲಿ 1,500 ದಾಟಲ್ಲ, ಹಾಗಾಗಿ ಜಾಗದ ಚಿಂತೆ ಇಲ್ಲ. ಆದರೂ ಸಂಜೆಯ ಕಾರ್ಡನ್ನೇ ಬೆಳಿಗ್ಗೆ ಮುಂದುವರಿಸುವುದು ಬೇಡ. ಒಂದು ಕಾರ್ಡು ಕೈಕೊಟ್ಟರೆ ಇಡೀ ಮದುವೆ ಹೋಗಬಾರದು.

☐ ಫಾರ್ಮ್ಯಾಟ್ ಮಾಡುವ ಮೊದಲು: ಶ್ರೀರಂಗಪಟ್ಟಣದ ನಾಮಕರಣದ ಫೋಟೊ ಎರಡು ಹಾರ್ಡ್‌ಡಿಸ್ಕಿನಲ್ಲೂ ಇದೆಯಾ? ಫೋಲ್ಡರ್ ಇದ್ದರೆ ಸಾಲದು. ಮೊದಲನೆಯದು, ನಡುವಿನದು, ಕೊನೆಯದು, ಮೂರನ್ನೂ ತೆರೆದು ನೋಡು. ಫೈಲುಗಳ ಎಣಿಕೆ ಕಾರ್ಡಿನಲ್ಲೂ ಡಿಸ್ಕಿನಲ್ಲೂ ಒಂದೇ ಇರಬೇಕು.
☐ ನನಗೆ ಹೇಳದೆ ಒಂದೂ ಕಾರ್ಡು ಫಾರ್ಮ್ಯಾಟ್ ಮಾಡಬೇಡ. ಪಕ್ಕದ ರೂಮಿನಲ್ಲಿದ್ದರೂ ಕೂಗಿ ಹೇಳು.
☐ ಫಾರ್ಮ್ಯಾಟ್ ಮಾಡುವುದು ಕ್ಯಾಮೆರಾದಲ್ಲೇ, ಲ್ಯಾಪ್‌ಟಾಪಿನಲ್ಲಿ ಅಲ್ಲ. ಯಾವ ಬಾಡಿಯಲ್ಲಿ ಬಳಸುತ್ತೇವೋ ಅದರಲ್ಲೇ.
☐ ಹೊಸದಾಗಿ ತಂದ ಎರಡು ಕಾರ್ಡು (9, 10): ಖಾಲಿ ಇರುವಾಗಲೇ ಲ್ಯಾಪ್‌ಟಾಪಿನಲ್ಲಿ `H2testw` ಓಡಿಸು. ಮೇಲೆ 128 ಅಂತ ಅಚ್ಚು ಹಾಕಿ ಒಳಗೆ ಅಷ್ಟು ಇಲ್ಲದ ನಕಲಿ ಕಾರ್ಡು ಮಾರುಕಟ್ಟೆಯಲ್ಲಿದೆ. ಅಂಥದ್ದು ಮೊದಲ ನೂರು ಫೋಟೊಗೆ ಚೆನ್ನಾಗೇ ಇರುತ್ತದೆ, ತುಂಬುತ್ತಾ ಹೋದಾಗ ಬಣ್ಣ ಬಯಲಾಗುತ್ತದೆ. ತುಂಬೋಕೇ ಅರ್ಧ ಗಂಟೆ ಹಿಡಿಯುತ್ತದೆ, ಓದೋಕೆ ಬೇರೆ. ಇದನ್ನು ಸಂಜೆಯೇ ಹಾಕಿ ಬೇರೆ ಕೆಲಸ ನೋಡು. ಮುಗಿದ ಮೇಲೆ ಕ್ಯಾಮೆರಾದಲ್ಲಿ ಫಾರ್ಮ್ಯಾಟ್.
☐ ವೇಗದ ನಾಲ್ಕು ಕಾರ್ಡು (ಹಳದಿ ಸ್ಟಿಕ್ಕರ್) ಸ್ಲಾಟ್ 1ಕ್ಕೆ. ಎ7 IIIರಲ್ಲಿ ಯುಎಚ್‌ಎಸ್-II ಇರುವುದು ಅದೊಂದರಲ್ಲೇ. ಸ್ಲಾಟ್ 2 ನಿಧಾನ. ಎರಡಕ್ಕೂ ಒಟ್ಟಿಗೆ ಬರೆಯುವಾಗ ಆ ನಿಧಾನಕ್ಕೇ ಕಾಯಬೇಕು. ಆದ್ದರಿಂದ ಅಕ್ಷತೆ ಬೀಳುವ ಹೊತ್ತಿಗೆ ಒಂದೇ ಸಮನೆ ಒತ್ತಿ ಹಿಡಿಯಬೇಡ. ಮೂರು ಮೂರು ಹೊಡಿ.
☐ ಪ್ರತಿ ಕಾರ್ಡಿನ ಪಕ್ಕದ ಲಾಕ್ ಗುಬ್ಬಿ ಗಟ್ಟಿ ಇದೆಯಾ? ಸಡಿಲ ಇದ್ದರೆ ಕಾರ್ಡು ಒಳಗೆ ಹೋಗುವಾಗ ತಾನೇ ಜಾರಿ ಲಾಕ್ ಆಗುತ್ತದೆ. ಅಂಥದ್ದು ಪಕ್ಕಕ್ಕೆ.
☐ ಕಾರ್ಡ್ ಡಬ್ಬಿ: ಖಾಲಿಯದರ ಹೆಸರು ಮೇಲಕ್ಕೆ, ತುಂಬಿದ್ದರ ಬೆನ್ನು ಮೇಲಕ್ಕೆ. ಡಬ್ಬಿ ನನ್ನ ಪ್ಯಾಂಟ್ ಜೇಬಿನಲ್ಲೇ ಇರುತ್ತದೆ, ಬ್ಯಾಗಿನಲ್ಲಲ್ಲ.

ಬಾಡಿ ಎರಡು

ಊಟ ಆದ ಮೇಲೆ ಸ್ಟುಡಿಯೊದ ದೊಡ್ಡ ಲೈಟ್ ಆರಿಸಿ, ಒಂದು ಟ್ಯೂಬ್‌ಲೈಟ್ ಮಾತ್ರ ಇಟ್ಟುಕೊಂಡು ಇದನ್ನು ಮಾಡು. ಛತ್ರದ ಬೆಳಕೂ ಹೆಚ್ಚುಕಡಿಮೆ ಅಷ್ಟೇ.

☐ `Recording Mode`: `Simult. (Still)`. ಹತ್ತು ಫೋಟೊ ಹೊಡೆದು ಎರಡು ಸ್ಲಾಟನ್ನೂ ಬೇರೆ ಬೇರೆ ತೆರೆದು ನೋಡು. ಹತ್ತೂ ಎರಡರಲ್ಲೂ ಇರಬೇಕು.
☐ `Release w/o Card`: `Disable`. ಕಾರ್ಡು ತೆಗೆದು ಶಟರ್ ಒತ್ತು. ಕ್ಲಿಕ್ ಆದರೆ ಸೆಟ್ಟಿಂಗ್ ತಪ್ಪು. ಈ ಸಾಲು ಇಲ್ಲಿ ಯಾಕಿದೆ ಅಂದರೆ, ನಾನು ಹೊಸಬನಾಗಿದ್ದಾಗ ಒಂದು ಚಪ್ಪರದ ಪೂಜೆಯನ್ನು ಇಪ್ಪತ್ತು ನಿಮಿಷ ಕಾರ್ಡಿಲ್ಲದೆ ತೆಗೆದಿದ್ದೇನೆ. ಹುಡುಗಿಯ ಸೋದರಮಾವ ಈಗಲೂ ಸಿಕ್ಕಾಗ ನಗುತ್ತಾರೆ. ಅವತ್ತು ನಕ್ಕಿರಲಿಲ್ಲ.
☐ ಎರಡು ಬಾಡಿಯ ಗಡಿಯಾರ ಒಂದೇ ಆಗಿರಬೇಕು, ಸೆಕೆಂಡಿನವರೆಗೂ. ನನ್ನ ಮೊಬೈಲಿನ ಗಡಿಯಾರವನ್ನು ಎರಡರಲ್ಲೂ ಒಂದೊಂದು ಫೋಟೊ ತೆಗಿ. ಫೋಟೊದೊಳಗಿನ ಟೈಮ್ ಮತ್ತು ಫೈಲಿನ ಟೈಮ್ ಹೊಂದಬೇಕು. ಇಲ್ಲದಿದ್ದರೆ ಆಲ್ಬಮ್ ಜೋಡಿಸುವಾಗ ಧಾರೆಗಿಂತ ಮೊದಲೇ ತಾಳಿ ಬಂದು ಕೂರುತ್ತದೆ.
☐ `Set File Name`: ನನ್ನದು `AAA`, ನಿನ್ನದು `BBB`. ಎರಡು ಬಾಡಿಯ ಒಂದೇ ಹೆಸರಿನ ಫೈಲ್ ಒಂದರ ಮೇಲೊಂದು ಕಾಪಿ ಆಗಬಾರದು.
☐ `Silent Shooting`: `Off`. ಎಲ್‌ಇಡಿ ಬೆಳಕಿನಲ್ಲಿ ಇದು ಆನ್ ಇದ್ದರೆ ಫೋಟೊ ಪೂರ್ತಿ ಅಡ್ಡಗೆರೆ ಬೀಳುತ್ತದೆ.
☐ `Anti-flicker Shoot.`: `On`. ನಮ್ಮ ಕರೆಂಟ್ 50 ಹರ್ಟ್ಸ್, ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಫ್ಲ್ಯಾಶ್ ಇಲ್ಲದೆ ತೆಗೆಯುವಾಗ 1/50 ಅಥವಾ 1/100ರಲ್ಲಿ ಇರು. ಈಗಲೇ ಇದನ್ನು ಆಫ್ ಮಾಡಿ 1/100 ಒಂದು, 1/500 ಐದು ತೆಗೆದು ಪಕ್ಕಪಕ್ಕ ಇಟ್ಟು ನೋಡು, ವ್ಯತ್ಯಾಸ ಕಣ್ಣಿಗೇ ಹೊಡೆಯುತ್ತದೆ. ಆಮೇಲೆ ಮತ್ತೆ ಆನ್ ಮಾಡು.
☐ ಹಳೇ ಸೆಟ್ಟಿಂಗ್ ಉಳಿದಿದೆಯಾ: ಐಎಸ್‌ಒ, ಎಕ್ಸ್‌ಪೋಷರ್ ಡಯಲ್ ಸೊನ್ನೆಯಲ್ಲಿ, ವೈಟ್ ಬ್ಯಾಲೆನ್ಸ್, ಸೆಲ್ಫ್ ಟೈಮರ್.
☐ ಎಫ್/16 ಇಟ್ಟು ಬಿಳಿ ಗೋಡೆಯನ್ನು ಫೋಕಸ್ ತಪ್ಪಿಸಿ ಒಂದು ತೆಗಿ. ಕಪ್ಪು ಚುಕ್ಕೆ ಕಂಡರೆ ಬ್ಲೋವರ್ ಮಾತ್ರ. ಬಾಯಲ್ಲಿ ಊದಬೇಡ, ಬಟ್ಟೆಯಲ್ಲಿ ಒರೆಸಬೇಡ, ನನ್ನ ಹತ್ತಿರ ತಾ.

ಲೆನ್ಸ್

☐ 24-70, 85, 70-200. ಪ್ರತಿಯೊಂದನ್ನೂ ಎರಡು ಬಾಡಿಗೂ ಹಾಕಿ, ಹತ್ತಿರ ಒಂದು, ದೂರ ಒಂದು. ಕಣ್ಣಿಗೆ ಫೋಕಸ್ ಕೂತಿದೆಯಾ ಅಂತ ದೊಡ್ಡದು ಮಾಡಿ ನೋಡು.
☐ ಲೆನ್ಸಿನ ಮೇಲಿನ ಎಎಫ್/ಎಂಎಫ್ ಬಟನ್ ಎಎಫ್‌ನಲ್ಲಿ.
☐ ಹೋಮದ ಹೊಗೆ ಮತ್ತು ಅಕ್ಷತೆಗೆ ಯುವಿ ಫಿಲ್ಟರ್. ಒರೆಸುವ ಬಟ್ಟೆ ಎರಡು.

ಫ್ಲ್ಯಾಶ್ ಮತ್ತು ಟ್ರಿಗ್ಗರ್

☐ ಚಾನೆಲ್ 21, ಎಲ್ಲದರಲ್ಲೂ. ಚಾನೆಲ್ 1 ಬೇಡ. ಈ ಛತ್ರದಲ್ಲಿ ಮೇಲೊಂದು ಕೆಳಗೊಂದು ಹಾಲ್ ಇದೆ. ಮೇಲಿನವರದೂ ಇದೇ ಕಂಪನಿ ಫ್ಲ್ಯಾಶ್ ಆಗಿದ್ದು, ಚಾನೆಲ್ 1ರಲ್ಲೇ ಇದ್ದರೆ, ಅವರು ಕ್ಲಿಕ್ ಮಾಡಿದಾಗೆಲ್ಲ ನಮ್ಮದು ಹೊತ್ತಿಕೊಳ್ಳುತ್ತದೆ.
☐ ಒಂದು ಸ್ಟ್ಯಾಂಡ್ ಒಳಗೆ, ಇನ್ನೊಂದು ಬಾಗಿಲಾಚೆ ಮೆಟ್ಟಿಲ ಹತ್ತಿರ. ನೀನು ಬೀದಿ ಗೇಟಿನಲ್ಲಿ ನಿಂತು ಇಪ್ಪತ್ತು ಸಲ ಹೊಡಿ. ಇಪ್ಪತ್ತಕ್ಕೆ ಇಪ್ಪತ್ತೂ ಬರಬೇಕು. ಹತ್ತೊಂಬತ್ತು ಬಂದರೆ ಸೆಲ್ ಬದಲಿಸಿ ಮತ್ತೆ ಇಪ್ಪತ್ತು.
☐ ಟ್ರಿಗ್ಗರ್ ಆಫ್ ಮಾಡಿ, ವಿ1 ಅನ್ನೇ ಬಾಡಿ ಮೇಲೆ ಕೂರಿಸಿ, ಅದರಿಂದ ಎರಡು ಸ್ಟ್ಯಾಂಡನ್ನೂ ಹೊಡಿ. ಟ್ರಿಗ್ಗರ್ ಸತ್ತರೆ ನಮ್ಮ ದಾರಿ ಇದೇ. ಮೆನುವಿನಲ್ಲಿ ಎಲ್ಲಿದೆ ಅಂತ ಬೆರಳಿಗೆ ಈಗಲೇ ರೂಢಿಯಾಗಲಿ.
☐ ಸ್ಟ್ಯಾಂಡ್ ಎರಡು, ಕಾಲಿಗೆ ಕಟ್ಟುವ ಮರಳು ಚೀಲ ಎರಡು. ಮಕ್ಕಳು ಓಡಾಡುತ್ತಾರೆ. ಇದನ್ನು ಮರೆತರೆ ನೀನೇ ಹಿಡಿದುಕೊಂಡು ನಿಲ್ಲಬೇಕು.

ಎರಡನೇ ಬ್ಯಾಗ್

ನೀಲಿ ಬ್ಯಾಗಿಗೆ ಒಂದೇ ನಿಯಮ: ಮೊದಲ ಬ್ಯಾಗ್ ಪೂರ್ತಿ ಕಳೆದುಹೋದರೂ ಇದೊಂದರಲ್ಲೇ ಮದುವೆ ಮುಗಿಸಬೇಕು. ಹಾಗಾಗಿ ಎರಡು ಬ್ಯಾಗನ್ನೂ ಡಿಕ್ಕಿಯಲ್ಲಿ ಒಟ್ಟಿಗೆ ಹಾಕಬೇಡ. ಒಂದು ಡಿಕ್ಕಿಗೆ, ಇನ್ನೊಂದು ನಿನ್ನ ಕಾಲ ಹತ್ತಿರ.

☐ ಎ6400, 16-50 ಕಿಟ್ ಲೆನ್ಸ್ ಹಾಕಿಯೇ ಇಡು. ನಮ್ಮ 24-70 ಇದಕ್ಕೂ ಕೂರುತ್ತದೆ, ಆದರೆ ಕ್ರಾಪ್‌ನಿಂದ 36ರಷ್ಟಾಗುತ್ತದೆ. ಇಕ್ಕಟ್ಟಿನ ಮಂಟಪದಲ್ಲಿ ಅದು ಸಾಲದು.
☐ ಇದಕ್ಕೆ ಇರುವುದು ಒಂದೇ ಸ್ಲಾಟ್. ಇದರಲ್ಲಿ ತೆಗೆಯಬೇಕಾಗಿ ಬಂದರೆ ಅರ್ಧ ಗಂಟೆಗೊಮ್ಮೆ ಲ್ಯಾಪ್‌ಟಾಪಿಗೆ ಇಳಿಸು.
☐ ಇದರಲ್ಲೂ ಮೂವತ್ತು ಫೋಟೊ ಹೊಡಿ. "ಬದಲಿ ಕ್ಯಾಮೆರಾ ಅಲ್ವಾ" ಅಂತ ಬಿಡಬೇಡ. ಆರು ತಿಂಗಳಿಂದ ಡ್ರೈ ಬಾಕ್ಸಿನಲ್ಲೇ ಮಲಗಿದೆ, ಗಡಿಯಾರವನ್ನೂ ನೋಡು.
☐ ಲ್ಯಾಪ್‌ಟಾಪ್, ಚಾರ್ಜರ್, 1 ಟಿಬಿ ಎಸ್‌ಎಸ್‌ಡಿ, ಕಾರ್ಡ್ ರೀಡರ್ ಎರಡು. ಒಂದು ಕಾರ್ಡನ್ನು ಇವತ್ತೇ ಪೂರ್ತಿ ಇಳಿಸಿ ನೋಡು. ಕೇಬಲ್ ಅಲ್ಲಾಡಿಸಿದಾಗ ಡಿಸ್ಕ್ ಕಟ್ ಆದರೆ ಕೇಬಲ್ ಬದಲಿಸು.
☐ ಗ್ಯಾಫರ್ ಟೇಪ್, ಟಾರ್ಚ್, ಟ್ರೈಪಾಡ್ ಪ್ಲೇಟ್, ಬಿಸ್ಕತ್ತು.

ಮಲಗುವ ಮೊದಲು

☐ ಟೆಸ್ಟ್ ಫೋಟೊ ಇರುವ ಕಾರ್ಡುಗಳನ್ನು ಮತ್ತೆ ಫಾರ್ಮ್ಯಾಟ್. ನನ್ನ ಎದುರಿಗೆ.
☐ ಸಂಜೆಯ ನಾಲ್ಕು ಕಾರ್ಡು ಬಾಡಿಯಲ್ಲೇ, ಬಾಗಿಲು ಮುಚ್ಚಿ. 1 ಮತ್ತು 2ನೇ ಬ್ಯಾಟರಿ ಬಾಡಿಯಲ್ಲೇ, ಸ್ವಿಚ್ ಆಫ್.
☐ ಕಾರಿಗೆ ಪೆಟ್ರೋಲ್ ನಾಳೆ ಅಲ್ಲ, ಇವತ್ತೇ. ಹೋಗುವಾಗ 45 ಕಿಲೋಮೀಟರ್ ಏನೂ ಅಲ್ಲ. ಭಾನುವಾರ ಸಂಜೆ ಬರುವಾಗ ಕಬ್ಬಿನ ಟ್ರ್ಯಾಕ್ಟರುಗಳು ಹಿಂದೆ ಲೈಟಿಲ್ಲದೆ ಹೋಗುತ್ತಿರುತ್ತವೆ, ಮುಂದಿನ ಗಾಜು ಒರೆಸಿಡು.
☐ ಬುಧವಾರ ಬೀಗರೂಟಕ್ಕೆ ಕರೆದಿದ್ದಾರೆ. ಅದು ಬರೀ ಊಟಕ್ಕೆ, ಕ್ಯಾಮೆರಾ ಲೆಕ್ಕದಲ್ಲಿಲ್ಲ. ಬುಧವಾರ ಬೇರೆ ಬುಕಿಂಗ್ ತಗೋಬೇಡ ಅಷ್ಟೆ.

ನಾನು ಹನ್ನೊಂದಕ್ಕೆ ಮಲಗುತ್ತೇನೆ. 5 ಮತ್ತು 6ನೇ ಬ್ಯಾಟರಿ ಇನ್ನೂ ಚಾರ್ಜರಿನಲ್ಲಿದ್ದರೆ ತೆಗೆದು ಬ್ಯಾಗಿಗೆ ಹಾಕುವುದು ನಿನ್ನ ಕೆಲಸ. ಚಾರ್ಜರನ್ನೂ ಹಾಕು, ಅದನ್ನು ಗೋಡೆಯಲ್ಲೇ ಬಿಟ್ಟು ಬರಬೇಡ.