ಮೊದಲ ಟ್ಯೂಬ್‌ಲೈಟ್, ಆಮ್ಯಾಲ ಸೋಲಾರ್

ಎಲ್ಲಾರಿಗೂ ನಮಸ್ಕಾರ್ರಿ. ಕೂಡ್ರಿ, ಕುರ್ಚಿ ಹಿಂದ ಇನ್ನೂ ಅದಾವು.

ಇವತ್ತಿನ ಮಾತು ನಮ್ಮ 24 ಮನಿ ಕಾಮನ್ ಮೀಟರ್‌ದ್ದು. ಮನಿಯೊಳಗ ನಿಮಗ ಗೃಹಜ್ಯೋತಿ ಇರಬಹುದು, ಈ ಮೀಟರ್‌ಗೆ ಇಲ್ಲ. ಲಿಫ್ಟ್, ಬೋರ್, ಮ್ಯಾಲಿನ ಟ್ಯಾಂಕಿನ ಮೋಟರ್, ಮೆಟ್ಟಲದ ಲೈಟ್ ಎಲ್ಲಾ ಸೇರಿ ತಿಂಗಳಿಗೆ 1,200 ಯೂನಿಟ್. ಟ್ಯಾಕ್ಸ್ ಹಿಡಿದು ಯೂನಿಟ್ಟಿಗೆ 7 ರೂಪಾಯಿ ಅಂದ್ರ 8,400. ಫಿಕ್ಸೆಡ್ ಚಾರ್ಜ್ 2,000. ಒಟ್ಟ 10,400 ಹೆಸ್ಕಾಂಗೆ ಕಟ್ಟಾಕತ್ತೀವಿ.

ಹಿಂದಿನ ಮೀಟಿಂಗಿನ್ಯಾಗ "10 ಕಿಲೋವ್ಯಾಟ್ ಸೋಲಾರ್ ಹಾಕಿಬಿಡ್ರಿ" ಅಂದ್ರಿ. ನಾ ಅಂತೀನಿ, ತಡೀರಿ.

ಮೆಟ್ಟಲ, ಪಾರ್ಕಿಂಗ್ ಹಿಡಿದು ಹಳೇ ಟ್ಯೂಬ್‌ಲೈಟ್ 30 ಅದಾವು. ಚೋಕ್ ಸೇರಿ ಒಂದೊಂದು 50 ವ್ಯಾಟ್. ರಾತ್ರಿ 12 ತಾಸು ಉರದ್ರ ದಿನಾ 18 ಯೂನಿಟ್. 18 ವ್ಯಾಟಿನ ಎಲ್ಇಡಿ ಹಾಕಿದ್ರ ಆರೂವರಿ ಯೂನಿಟ್‌ನ್ಯಾಗ ಮುಗೀತೈತಿ. ತಿಂಗಳಿಗೆ 340 ಯೂನಿಟ್ ಉಳೀತಾವು, ಬಿಲ್ 8,000ಕ್ಕ ಇಳೀತೈತಿ. ಖರ್ಚು ಒಂದಕ್ಕ 250ರಂಗ 7,500. ಮೂರ್ನಾಲ್ಕು ತಿಂಗಳಾಗ ವಾಪಸ್. ಹಂಗ ಟ್ಯಾಂಕ್ ತುಂಬಿ ಪೈಪಿನಾಗ ಸುರಿಯೋದೂ ನಿಲ್ಲಬೇಕು, ಅದು ನೀರಷ್ಟ ಅಲ್ಲ, ಮೋಟರ್ ಬಿಲ್ಲೂ ಹೌದು.

ಈಗ ಸೋಲಾರ್. ಉಳಿದ 860 ಯೂನಿಟ್ಟಿಗೆ 8 ಕಿಲೋವ್ಯಾಟ್ ಸಾಕು. ಒಂದು ಕಿಲೋವ್ಯಾಟ್ ದಿನಕ್ಕ 4 ಯೂನಿಟ್ ಕೊಡ್ತೈತಿ ಅಂತಾರ. ನಮ್ಮ ಜಿಟಿಜಿಟಿ ಮಳಿ, ರಸ್ತೇ ಧೂಳು ಹಿಡಿದು ನಾ ತಿಂಗಳಿಗೆ ಸರಾಸರಿ 800 ಅಂತ ಹಿಡದೀನಿ. ಬಿಲ್ 2,400, ಪ್ಯಾನೆಲ್ ತೊಳಿಯೋರಿಗೆ 600, ಒಟ್ಟ 3,000.

ಮತ್ತೊಮ್ಮಿ ಕೇಳ್ರಿ: ಈಗ 10,400. ಲೈಟ್ ಬದಲಿಸಿದ್ರ 8,000. ಸೋಲಾರ್ ಬಂದ್ರ 3,000.

ನಮಗ ಬಂದ ಕೊಟೇಶನ್ 4,40,000. ಪಿಎಂ ಸೂರ್ಯಘರ್‌ನ್ಯಾಗ ಸೊಸೈಟಿ ಕಾಮನ್ ಬಳಕಿಗೆ ಕಿಲೋವ್ಯಾಟಿಗೆ 18,000 ಸಬ್ಸಿಡಿ, ಅಂದ್ರ 1,44,000. ಉಳಿದದ್ದು 2,96,000, ಮನಿಗೆ 12,300ರ ಆಸುಪಾಸು. ಆದ್ರ ಸಬ್ಸಿಡಿ ಆಮ್ಯಾಲ ಬರ್ತೈತಿ, ಮೊದಲ ಪೂರ್ತಿ ರೊಕ್ಕಾ ಕೂಡಿಸಬೇಕು. ಐದು ವರ್ಷದಾಗ ಹಾಕಿದ್ದು ತಿರುಗಿ ಬರ್ತೈತಿ. 10 ಕಿಲೋವ್ಯಾಟ್ ಹಾಕಿದ್ರ ಮತ್ತ 74,000 ಹೆಚ್ಚು. ಹೆಚ್ಚಾದ ಕರೆಂಟಿಗೆ ಹೆಸ್ಕಾಂ ಕೊಡೋ ದರಾ ನಾವು ಕಟ್ಟೋದಕ್ಕಿಂತ ಭಾಳ ಕಡಿಮಿ. ಯಾಕ ಬೇಕು?

ಕಾಕಾ, ಕರೆಂಟ್ ಹೋದಾಗ ಲಿಫ್ಟ್ ನಡೀತೈತೇನು ಅಂತ ಕೇಳಿದ್ರಿ. ಇಲ್ಲರಿ. ಬ್ಯಾಟರಿ ಇಲ್ಲದ ಈ ಸೋಲಾರ್, ಲೈನ್ ಹೋದ ಕೂಡ್ಲೇ ತಾನೂ ಬಂದ್ ಆಗ್ತೈತಿ. ಕಂಬದ ಮ್ಯಾಲ ಕೆಲಸಾ ಮಾಡೋ ಲೈನ್‌ಮನ್‌ಗೆ ಶಾಕ್ ಹೊಡೀಬಾರದು ಅಂತ. ಜನರೇಟರ್ ಮಾರೋ ಮಾತು ಬಿಡ್ರಿ.

ಅಕ್ಕಾರ, ಮಾಳಗಿ ಮ್ಯಾಲ ಹಪ್ಪಳ ಸಂಡಿಗಿ ಒಣಗಸಾಕ ಜಾಗಾ ಇರ್ತೈತಿ. 800 ಚದರಡಿ ಅಷ್ಟ ಬೇಕು, ಟ್ಯಾಂಕಿನ ನೆರಳು ಬೀಳೋ ಮೂಲಿ ಪ್ಯಾನೆಲ್‌ಗೆ ಹೆಂಗೂ ಬರಂಗಿಲ್ಲ. ಅದು ನಿಮಗ.

ಲೈಟಿನ 7,500 ಮೇಂಟೆನೆನ್ಸ್ ಫಂಡಿನಿಂದ ಈ ವಾರಾನ ತಗೀತೀವಿ. ಸೋಲಾರ್‌ಗೆ ಒಪ್ಪಿದವರು ರಿಜಿಸ್ಟರ್‌ನ್ಯಾಗ ಫ್ಲ್ಯಾಟ್ ನಂಬರ್ ಬರದು ಸಹಿ ಮಾಡ್ರಿ. ಚಾ ಬಂತು.