ಸರಾಸರಿ ಕದಲಲಿಲ್ಲ, ಸಂಬಳ ಕದಲಿತು: ಓದು ಮತ್ತು ವಾರದ ಸಂಬಳದ ಕ್ವಾಂಟೈಲ್ ಫಲಿತಾಂಶ, ಅಮೆರಿಕ 1980–2000

1990ರ ಗಣತಿಯಲ್ಲೂ 0.114, 2000ದ ಗಣತಿಯಲ್ಲೂ 0.114. ಒಂದು ವರ್ಷ ಹೆಚ್ಚು ಓದಿದವರ ವಾರದ ಸಂಬಳ ಸರಾಸರಿ ಎಷ್ಟು ಹೆಚ್ಚು ಎಂದು ಕೇಳಿದರೆ ಎರಡೂ ಗಣತಿಗಳು ಒಂದೇ ಉತ್ತರ ಕೊಡುತ್ತವೆ. ಲಾಗ್ ಲೆಕ್ಕದಿಂದ ಶೇಕಡಾವಾರಿಗೆ ತಂದರೆ ಸುಮಾರು 12 ಪ್ರತಿಶತ. ಇಷ್ಟು ಬರೆದು ವರದಿ ಮುಗಿಸಿದರೆ, ಆ ಹತ್ತು ವರ್ಷದಲ್ಲಿ ಓದಿಗೂ ಸಂಬಳಕ್ಕೂ ಇರುವ ನಂಟು ಹಾಗೇ ಉಳಿಯಿತು ಎಂದೇ ಓದುಗರು ತಿಳಿಯುತ್ತಾರೆ. ಆ ತಿಳುವಳಿಕೆ ತಪ್ಪು. ಎಷ್ಟು ತಪ್ಪು, ಯಾವ ಕಡೆ ತಪ್ಪು ಎಂಬುದನ್ನು ಅಂಕಿಗಳಲ್ಲಿ ತೋರಿಸುವುದೇ ಈ ವರದಿಯ ಕೆಲಸ.

ನಮ್ಮ ವೇತನ ಅಧ್ಯಯನ ಗುಂಪು ಭಾರತ ಸರ್ಕಾರದ ಉದ್ಯೋಗ ಸಮೀಕ್ಷೆಯಾದ ಪಿಎಲ್‌ಎಫ್‌ಎಸ್‌ನ ಅಂಕಿಅಂಶ ಕೈಗೆತ್ತಿಕೊಳ್ಳುವ ಮೊದಲು, ಚೆನ್ನಾಗಿ ಪರಿಶೀಲನೆಗೆ ಒಳಗಾದ ಒಂದು ಪ್ರಕಟಿತ ಫಲಿತಾಂಶವನ್ನು ಮೊದಲಿಂದ ಕೊನೆಯವರೆಗೆ ಬರೆದು ನೋಡೋಣ ಎಂದು ತೀರ್ಮಾನಿಸಿದ್ದೆವು. ಆರಿಸಿಕೊಂಡದ್ದು ಜೋಷುವಾ ಆಂಗ್ರಿಸ್ಟ್, ವಿಕ್ಟರ್ ಚೆರ್ನೊಝುಕೋವ್ ಮತ್ತು ಇವಾನ್ ಫರ್ನಾಂಡಿಸ್-ವಾಲ್ 2006ರಲ್ಲಿ ಎಕನಾಮೆಟ್ರಿಕಾ ಪತ್ರಿಕೆಯಲ್ಲಿ ಪ್ರಕಟಿಸಿದ ಅಂದಾಜುಗಳನ್ನು. ಮಾದರಿಯಲ್ಲಿರುವವರು ಅಮೆರಿಕದಲ್ಲೇ ಹುಟ್ಟಿದ, 40ರಿಂದ 49 ವರ್ಷದ ಬಿಳಿಯ ಮತ್ತು ಕಪ್ಪು ಗಂಡಸರು: 1980ರಲ್ಲಿ 65,023, 1990ರಲ್ಲಿ 86,785, 2000ದಲ್ಲಿ 97,397 ಜನ. ಸಮೀಕರಣದ ಎಡಬದಿಯಲ್ಲಿ ವಾರದ ಸಂಬಳದ ಲಾಗ್. ಬಲಬದಿಯಲ್ಲಿ ಓದಿದ ವರ್ಷಗಳು, ಜನಾಂಗ, ಅನುಭವದ ವರ್ಷಗಳು, ಆ ವರ್ಷಗಳನ್ನು ಅವುಗಳಿಂದಲೇ ಗುಣಿಸಿದ ಸಂಖ್ಯೆ.

ಓದಿನ ಒಂದು ವರ್ಷಕ್ಕೆ ಲಾಗ್ ಸಂಬಳದಲ್ಲಿ ಕಾಣುವ ಏರಿಕೆ

| ಗಣತಿ | 0.10 | 0.25 | 0.50 | 0.75 | 0.90 | ಸರಾಸರಿ |
|---|---|---|---|---|---|---|
| 1980 | 0.074 | 0.074 | 0.068 | 0.070 | 0.079 | 0.072 |
| 1990 | 0.112 | 0.110 | 0.106 | 0.111 | 0.137 | 0.114 |
| 2000 | 0.092 | 0.105 | 0.111 | 0.120 | 0.157 | 0.114 |

ಕೊನೆಯ ಕಂಬಸಾಲು ಮಾಮೂಲಿ ಲೀಸ್ಟ್ ಸ್ಕ್ವೇರ್ಸ್ ರಿಗ್ರೆಷನ್‌ನದು. ಉಳಿದ ಐದು ಕ್ವಾಂಟೈಲ್ ರಿಗ್ರೆಷನ್‌ನವು. 0.10 ಎಂದರೆ, ಓದು, ಅನುಭವ, ಜನಾಂಗ ಒಂದೇ ಆಗಿರುವ ಹತ್ತು ಜನರನ್ನು ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ಕೆಳಗಿನ ಒಬ್ಬನನ್ನು ಮೇಲಿನ ಒಂಬತ್ತು ಜನರಿಂದ ಬೇರ್ಪಡಿಸುವ ಸಂಬಳ. 0.90 ಎಂದರೆ ಮೇಲಿನ ಒಬ್ಬನನ್ನು ಬೇರ್ಪಡಿಸುವ ಸಂಬಳ. 0.50 ಮಧ್ಯಾಂಕ.

ಮೊದಲು 1980ರ ಸಾಲನ್ನು ನೋಡಿ. ಬುಡದಲ್ಲಿ 0.074, ತುದಿಯಲ್ಲಿ 0.079, ಸರಾಸರಿ 0.072. ಓದು ಹೆಚ್ಚಿದಂತೆ ಸಂಬಳದ ಇಡೀ ಹಂಚಿಕೆಯೇ ಹೆಚ್ಚುಕಡಿಮೆ ಒಟ್ಟಾಗಿ ಮೇಲಕ್ಕೆ ಸರಿದಿದೆ. ಆ ವರ್ಷಕ್ಕೆ ಸರಾಸರಿಯೊಂದನ್ನೇ ಕೊಟ್ಟಿದ್ದರೂ ಓದುಗರಿಗೆ ಅನ್ಯಾಯವಾಗುತ್ತಿರಲಿಲ್ಲ. ಇದನ್ನು ಬಿಡಿಸಿ ಹೇಳಬೇಕಾಯಿತು, ಏಕೆಂದರೆ ಕ್ವಾಂಟೈಲ್ ರಿಗ್ರೆಷನ್ ಮಾಡಿದ ಮಾತ್ರಕ್ಕೆ ಏನೋ ಹೊಸದು ಹೊರಬರಲೇಬೇಕು ಎಂದಿಲ್ಲ. ಐದೂ ಗುಣಾಂಕಗಳು ಒಂದೇ ಮಟ್ಟದಲ್ಲಿ ಬಂದರೆ ಹಾಗೆ ಬಂದವು ಎಂದೇ ಬರೆಯಬೇಕು, ಅದೂ ಒಂದು ಫಲಿತಾಂಶ.

ಈಗ 1990 ಮತ್ತು 2000. ಸರಾಸರಿ ಒಂದು ಕೂದಲೆಳೆಯಷ್ಟೂ ಅಲುಗಿಲ್ಲ. ಬುಡದ ಗುಣಾಂಕ 0.112ರಿಂದ 0.092ಕ್ಕೆ ಇಳಿದಿದೆ. ತುದಿಯದು 0.137ರಿಂದ 0.157ಕ್ಕೆ ಏರಿದೆ. ಕೆಳಗೆ 0.020 ಹೋಗಿದೆ, ಮೇಲೆ 0.020 ಬಂದಿದೆ. ಇದು ಮಾದರಿಯ ಏರುಪೇರು ಇರಬಹುದೇ ಎಂಬ ಪ್ರಶ್ನೆ ಸಹಜ. ಮಾದರಿ ಬದಲಾದರೆ ಅಂದಾಜು ಎಷ್ಟು ಅಲುಗಬಹುದು ಎಂಬುದರ ಅಳತೆಯೇ ಪ್ರಮಾಣಿತ ದೋಷ; ಈ ನಾಲ್ಕು ಅಂದಾಜುಗಳಿಗೆ ಅದು 0.002ರಿಂದ 0.004ರ ಒಳಗಿದೆ. ಎರಡು ಗಣತಿಗಳ ಮಾದರಿಗಳು ಬೇರೆಬೇರೆಯಾದ್ದರಿಂದ ವ್ಯತ್ಯಾಸದ ಪ್ರಮಾಣಿತ ದೋಷ ಬುಡದಲ್ಲಿ ಸುಮಾರು 0.0036, ತುದಿಯಲ್ಲಿ 0.005. ಅಂದರೆ ಬುಡದ ಬದಲಾವಣೆ ತನ್ನ ದೋಷದ ಐದು ಪಟ್ಟಿಗೂ ಹೆಚ್ಚು, ತುದಿಯದು ನಾಲ್ಕು ಪಟ್ಟು. ಇದನ್ನು ಆಕಸ್ಮಿಕ ಎನ್ನಲಾಗದು.

ಹಾಗಾದರೆ ಸರಾಸರಿ ಯಾಕೆ ಸುಮ್ಮನಿತ್ತು? ಅದರ ಕೆಲಸವೇ ಹಾಗೆ. ಕ್ವಾಂಟೈಲ್‌ಗಳು ಓದಿನೊಂದಿಗೆ ಸರಳರೇಖೆಯಲ್ಲಿ ಬದಲಾಗುತ್ತವೆ ಎಂದಿಟ್ಟುಕೊಂಡರೆ, ಸರಾಸರಿಯ ಗುಣಾಂಕವೆಂದರೆ 0ಯಿಂದ 1ರವರೆಗಿನ ಎಲ್ಲ ಕ್ವಾಂಟೈಲ್‌ಗಳ ಗುಣಾಂಕಗಳ ಸರಾಸರಿ. ಒಂದು ಕಡೆಯ ಇಳಿತವನ್ನು ಇನ್ನೊಂದು ಕಡೆಯ ಏರಿಕೆ ತುಂಬಿಕೊಟ್ಟರೆ ಕೂಡಿಸಿ ಭಾಗಿಸಿದ ಸಂಖ್ಯೆಗೆ ಏನೂ ತಿಳಿಯುವುದಿಲ್ಲ. ಲೆಕ್ಕದಲ್ಲಿ ತಪ್ಪಿಲ್ಲ. 0.114 ತನಗೆ ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರವನ್ನೇ ಕೊಟ್ಟಿದೆ. ಅದನ್ನೇ ಸಂಬಳದ ಹಂಚಿಕೆಯ ಕುರಿತ ಉತ್ತರವೆಂದು ನಾವು ಓದಿದಾಗ ದಾರಿ ತಪ್ಪುತ್ತದೆ.

ಸಂಖ್ಯೆಗಳ ಗಾತ್ರ ಮನಸ್ಸಿಗೆ ಹತ್ತಬೇಕಾದರೆ ಒಂದು ನಿರ್ದಿಷ್ಟ ಹೋಲಿಕೆ ಬೇಕು. ಅಮೆರಿಕದ ಲೆಕ್ಕದಲ್ಲಿ ಹೈಸ್ಕೂಲು ಮುಗಿಸಿದವನ ಓದು 12 ವರ್ಷ, ನಾಲ್ಕು ವರ್ಷದ ಕಾಲೇಜು ಮುಗಿಸಿದವನದು 16. ಒಂದೇ ಅನುಭವ, ಒಂದೇ ಜನಾಂಗದ ಹೈಸ್ಕೂಲಿನವರ ಗುಂಪಿನಲ್ಲಿ ತುದಿಯ ಸಂಬಳ ಬುಡದ ಸಂಬಳದ ಎಷ್ಟು ಪಟ್ಟು ಎಂದು ಗುರುತು ಹಾಕಿಕೊಳ್ಳಿ. ಅದೇ ಪ್ರಶ್ನೆಯನ್ನು ಕಾಲೇಜಿನವರ ಗುಂಪಿಗೆ ಕೇಳಿ. 1980ರಲ್ಲಿ ತುದಿ ಮತ್ತು ಬುಡದ ಗುಣಾಂಕಗಳ ಅಂತರ 0.005. ನಾಲ್ಕು ವರ್ಷಕ್ಕೆ 0.02. ಕಾಲೇಜಿನವರ ಒಳಗಿನ ಅಂತರದ ಪಟ್ಟು ಹೈಸ್ಕೂಲಿನವರಿಗಿಂತ ಬರೀ 2 ಪ್ರತಿಶತ ಹೆಚ್ಚು. 1990ರಲ್ಲಿ ಅಂತರ 0.025, ನಾಲ್ಕು ವರ್ಷಕ್ಕೆ 0.10, ಅಂದರೆ ಸುಮಾರು 10 ಪ್ರತಿಶತ ಹೆಚ್ಚು. 2000ಕ್ಕೆ ಬರುವಾಗ ಅಂತರ 0.065, ನಾಲ್ಕು ವರ್ಷಕ್ಕೆ 0.26, ಸುಮಾರು 30 ಪ್ರತಿಶತ ಹೆಚ್ಚು. ಎರಡು, ಹತ್ತು, ಮೂವತ್ತು. ಕಾಲೇಜು ಓದಿದವರ ನಡುವೆಯೇ ಸಂಬಳ ಹೀಗೆ ಹರಡಿಕೊಂಡಿತು. ಕೊನೆಯ ಕಂಬಸಾಲಿನಲ್ಲಿ ಇದರ ಸುಳಿವೂ ಇಲ್ಲ.

ನಮ್ಮ ಕಡೆ ಇದನ್ನು ವಿವರಿಸಲು ಅಂಕಿಯೇ ಬೇಕಿಲ್ಲ. ಒಂದೇ ಕಾಲೇಜಿನಿಂದ ಒಂದೇ ವರ್ಷ ಇಂಜಿನಿಯರಿಂಗ್ ಮುಗಿಸಿದ ಇಬ್ಬರಲ್ಲಿ ಒಬ್ಬ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿ, ಇನ್ನೊಬ್ಬ ಊರಿನ ಸಣ್ಣ ಕಚೇರಿಯಲ್ಲಿ ಡೇಟಾ ಎಂಟ್ರಿ ಮಾಡುತ್ತಿರುವುದನ್ನು ಕಾಣದ ಮನೆ ಕಡಿಮೆ. ಸಾಲ ಮಾಡಿ ಮಗಳನ್ನು ಓದಿಸುವ ಅಪ್ಪ ಅಮ್ಮ ಕೇಳಬೇಕಾದ ಪ್ರಶ್ನೆ ಸರಾಸರಿ ಎಷ್ಟು ಸಿಗುತ್ತದೆ ಎಂಬುದಷ್ಟೇ ಅಲ್ಲ, ಕೆಳಗಿನ ಕೊನೆಯಲ್ಲಿ ಉಳಿದರೆ ಎಷ್ಟು ಎಂಬುದೂ ಹೌದು. ಕ್ವಾಂಟೈಲ್ ಪಟ್ಟಿ ಆ ಪ್ರಶ್ನೆಗೆ ಹತ್ತಿರ ಬರುತ್ತದೆ.

ಹತ್ತಿರ ಬರುತ್ತದೆ ಎಂದೇ ಬರೆದೆ, ಯಾಕೆಂದರೆ ಇಲ್ಲಿ ಅತಿ ಸುಲಭವಾಗಿ ಆಗುವ ತಪ್ಪೊಂದಿದೆ. 0.10ರ ಕಂಬಸಾಲಿನ 0.092ನ್ನು ನೋಡಿ "ಬಡವರಿಗೆ ಓದಿನಿಂದ ಶೇ. 9.6 ಲಾಭ" ಎಂದು ಬರೆಯಬಾರದು. ಇಲ್ಲಿ ಬುಡ ಎಂದರೆ ದೇಶದ ಬುಡವಲ್ಲ, ತನ್ನಂಥವರ ಗುಂಪಿನ ಬುಡ. ಸ್ನಾತಕೋತ್ತರ ಓದಿದವರಲ್ಲಿ ಕೆಳಗಿರುವವನು ಇಡೀ ಸಮಾಜದ ಲೆಕ್ಕದಲ್ಲಿ ನಡುವಿಗಿಂತ ಮೇಲಿರಬಹುದು. ಸರಾಸರಿಯಲ್ಲಿ ಗುಂಪುಗಳ ಉತ್ತರಗಳನ್ನು ತೂಕ ಹಾಕಿ ಕೂಡಿಸಿದರೆ ಒಟ್ಟು ಜನರ ಉತ್ತರ ಸಿಗುತ್ತದೆ, ಕ್ವಾಂಟೈಲ್‌ನಲ್ಲಿ ಹಾಗೆ ಕೂಡಿಸಲು ಬರುವುದಿಲ್ಲ. ದೇಶದ ಕೆಳಗಿನ ಹತ್ತರಲ್ಲೊಂದು ಪಾಲಿನ ಸಂಬಳದ ಮಟ್ಟವೇ ಪ್ರಶ್ನೆಯಾಗಿದ್ದರೆ ಫಿರ್ಪೊ, ಫೋರ್ಟಿನ್ ಮತ್ತು ಲೆಮ್ಯೂ 2009ರಲ್ಲಿ ತೋರಿಸಿಕೊಟ್ಟ ಅನ್‌ಕಂಡಿಷನಲ್ ಕ್ವಾಂಟೈಲ್ ರಿಗ್ರೆಷನ್ ಬೇಕು. ವ್ಯಕ್ತಿಯ ಮಾತೂ ಇಲ್ಲಿಲ್ಲ. 12 ವರ್ಷ ಓದಿದವರಲ್ಲಿ ಬುಡದಲ್ಲಿದ್ದವನು 16 ಓದಿದ್ದರೆ ಅಲ್ಲೂ ಬುಡದಲ್ಲೇ ಇರುತ್ತಿದ್ದ ಎಂದು ಈ ಪಟ್ಟಿ ಹೇಳುವುದಿಲ್ಲ. ಹೋಲಿಕೆ ಇರುವುದು ಹಂಚಿಕೆಗಳ ನಡುವೆ.

ಇನ್ನೆರಡು ಮಿತಿಗಳು. ಓದಿಸಿದ್ದರಿಂದಲೇ ಸಂಬಳ ಏರಿತು ಎಂದು ಈ ಗುಣಾಂಕಗಳು ಸಾಬೀತು ಮಾಡುವುದಿಲ್ಲ. ಹೆಚ್ಚು ಓದಿದವರ ಮನೆ, ಶಾಲೆ, ಸಾಮರ್ಥ್ಯ ಎಲ್ಲವೂ ಬೇರೆಯಿರುತ್ತವೆ, ಕ್ವಾಂಟೈಲ್ ಬಳಸಿದ್ದರಿಂದ ಆ ತೊಡಕು ಕರಗುವುದಿಲ್ಲ. ಹೆಂಗಸರು, ವಲಸೆ ಬಂದವರು, ಸಂಬಳವೇ ಇಲ್ಲದವರು ಮಾದರಿಯಲ್ಲಿ ಇಲ್ಲ.

ಅಮೆರಿಕದ ಈ ಗಣತಿಗಳಲ್ಲಿ ಒಂದು ಮಿತಿ ದಾಟಿದ ದೊಡ್ಡ ಸಂಬಳಗಳಿಗೆ ಕತ್ತರಿ ಹಾಕಿದ್ದರು, ಇದ್ದಂತೆ ಕೊಟ್ಟಿರಲಿಲ್ಲ. ಆ ಕತ್ತರಿ ಸರಾಸರಿಯನ್ನು ನೇರವಾಗಿ ತಾಗುತ್ತದೆ. ಮಿತಿಯ ಕೆಳಗಿರುವ ಕ್ವಾಂಟೈಲ್‌ಗಳಿಗೆ ತಾಗುವುದಿಲ್ಲ, ಏಕೆಂದರೆ ಅದರ ಮೇಲಿದ್ದವರು ಎಷ್ಟು ಮೇಲಿದ್ದರು ಎಂಬುದು ಅವಕ್ಕೆ ಬೇಕಿಲ್ಲ. ಲಾಗ್ ವಿಷಯದಲ್ಲೂ ಇಂಥದೇ ಅನುಕೂಲವಿದೆ. ಲಾಗ್ ಸಂಬಳದ ಮಧ್ಯಾಂಕದಿಂದ ಲಾಗ್ ಬಿಡಿಸಿದರೆ ಸಂಬಳದ ಮಧ್ಯಾಂಕವೇ ಸಿಗುತ್ತದೆ. ಲಾಗ್ ಸಂಬಳದ ಸರಾಸರಿಗೆ ಹೀಗೆ ಮಾಡಿದರೆ ಸಂಬಳದ ಸರಾಸರಿ ಸಿಗುವುದಿಲ್ಲ, ಅದಕ್ಕಿಂತ ಕಡಿಮೆ ಬರುತ್ತದೆ.

ಇದು ಈ ಒಂದು ಪಟ್ಟಿಯ ವಿಶೇಷವಲ್ಲ. ಗ್ಯಾರಿ ಚೇಂಬರ್ಲೇನ್ 1994ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಅಮೆರಿಕದ ಕಾರ್ಖಾನೆ ಕೆಲಸಗಾರರಿಗೆ ಯೂನಿಯನ್ ಸದಸ್ಯತ್ವದಿಂದ ಕಾಣುವ ಹೆಚ್ಚಿನ ಕೂಲಿ ಸರಾಸರಿ 15.8 ಪ್ರತಿಶತ. 0.10ರ ಕ್ವಾಂಟೈಲ್‌ನಲ್ಲಿ ಅದು 28 ಪ್ರತಿಶತ, 0.90ರಲ್ಲಿ 0.3 ಪ್ರತಿಶತ. ಯೂನಿಯನ್ ಯಾರಿಗಾಗಿ ಇದೆ ಎಂಬುದನ್ನು ಈ ಎರಡು ಅಂಕಿಗಳು ಹೇಳುತ್ತವೆ. 15.8 ಎಂಬುದು ಕೆಳಗಿನವನಿಗೂ ನಿಜವಲ್ಲ, ಮೇಲಿನವನಿಗೂ ನಿಜವಲ್ಲ.

ಗುಂಪಿನವರು ಬಳಸಲಿರುವ ಆರ್ ಆದೇಶ ಇದು. ಕಂಬಸಾಲುಗಳ ಹೆಸರು ನಮ್ಮ ಕಡತದವು.

```r
library(quantreg)
q <- rq(log(wage) ~ educ + exper + I(exper^2) + female,
        tau = c(.10, .25, .50, .75, .90), data = d)
summary(q, se = "boot", R = 500)
```

ಪಿಎಲ್‌ಎಫ್‌ಎಸ್‌ನಲ್ಲಿ ಖಾಯಂ ನೌಕರರ ಸಂಬಳ ತಿಂಗಳ ಲೆಕ್ಕದಲ್ಲಿದೆ, ದಿನಗೂಲಿಯವರದು ದಿನದ ಲೆಕ್ಕದಲ್ಲಿದೆ. ಎರಡನ್ನೂ ವಾರಕ್ಕೆ ತರುವಾಗ ದಿನಗೂಲಿಯವರಿಗೆ ಆ ವಾರ ಎಷ್ಟು ದಿನ ಕೆಲಸ ಸಿಕ್ಕಿತ್ತು ಎಂಬುದನ್ನು ಬಿಟ್ಟರೆ ಬುಡದ ಸಾಲೇ ಸುಳ್ಳಾಗುತ್ತದೆ. ಇನ್ನೊಂದು, ಕೂಲಿಯನ್ನು ಜನ 400, 500 ಎಂದು ದುಂಡಾಗಿ ಹೇಳುತ್ತಾರೆ. ಒಂದೇ ಅಂಕಿಯ ಮೇಲೆ ನೂರಾರು ಜನ ಕೂತಿದ್ದರೆ ಪಕ್ಕಪಕ್ಕದ ಕ್ವಾಂಟೈಲ್‌ಗಳು ಅಲ್ಲೇ ಅಂಟಿಕೊಳ್ಳುತ್ತವೆ, ಗುಣಾಂಕ ಮೆಟ್ಟಿಲು ಮೆಟ್ಟಿಲಾಗಿ ಜಿಗಿಯುತ್ತದೆ. ಹಾಗಾಗಿ 0.10 ಒಂದನ್ನೇ ನೆಚ್ಚದೆ 0.08, 0.12 ಕೂಡ ಓಡಿಸಿ, ಮೂರೂ ಅಂಕಿಗಳನ್ನು ಪಟ್ಟಿಯಲ್ಲೇ ಕೊಡುತ್ತೇವೆ.